ಮುಂದಿನ ಸಾಲಿಗೆ ಎರಡು ಚೀಟಿ

ಠಣ್ ಠಣ್ ಎಂದು ರೈಲು ಕಂಬಿಯ ತುಂಡು ಎರಡು ಸಲ ಬಡಿದುಕೊಂಡಿತು. ಶಾಲೆಯಲ್ಲಿ ಎರಡನೆಯ ಪೀರಿಯಡ್. ಜಗಲಿಯಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದ ಯಶೋದಳ ಬೆರಳು ನಿಂತುಹೋದವು. ಎರಡನೆಯ ಪೀರಿಯಡ್ ಲೆಕ್ಕದ್ದು. ಲೆಕ್ಕವನ್ನು ಶಾಂತಮೂರ್ತಿ ಮೇಷ್ಟ್ರು ಬೋರ್ಡಿನ ಮೇಲೇ ಮಾಡಿಸುತ್ತಾರೆ. ಈ ಹೊತ್ತಿಗೆ ಅವರು, ಬೆಳಗ್ಗೆ ತಾನು ಮಗಳ ಕೈಯಲ್ಲಿ ಕಳಿಸಿದ ಚೀಟಿ ಓದಿರಬೇಕು. ಓದಿ ಮಗಳನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿರಬೇಕು. ಅಥವಾ ಎಲ್ಲ ಮಕ್ಕಳ ಎದುರಿಗೆ, ‘ಯಾಕಮ್ಮ, ನಿನಗೇನು ಕಣ್ಣು ಕಾಣೋದಿಲ್ವಾ?’ ಎಂದು ಕೇಳಿಬಿಟ್ಟಿರಬೇಕು.

ಹಾಗೆ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಬಂಡಳ್ಳಿ ದಾಟಿದ ಮೇಲೆ ಸಿಗುವ, ನೂರೈವತ್ತು ಮನೆಯ ಊರು ಅದು. ಮಕ್ಕಳು ಮನೆಗೆ ಬರುವಾಗ ಪುಸ್ತಕದ ಜೊತೆ ಮಾತನ್ನೂ ಹೊತ್ತುಕೊಂಡು ಬರುತ್ತಾರೆ.

ಯಶೋದ ಹುಟ್ಟಿದ್ದು ಹೂಗ್ಯಂನಲ್ಲಿ, ಕಾಡಿನ ಅಂಚಿನ ಮನೆಯಲ್ಲಿ. ಏಳನೆಯ ತರಗತಿಯವರೆಗೆ ಓದಿದ್ದಳು. ಅಕ್ಷರ ದುಂಡಗೆ ಇತ್ತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಆ ಅಕ್ಷರಕ್ಕೆ ಕೆಲಸವಿರಲಿಲ್ಲ, ಬೆರಳಿಗೆ ಮಾತ್ರ ಇತ್ತು. ಗಂಡ ನಾಗರಾಜು ಗೂಡ್ಸ್ ಆಟೋ ಓಡಿಸುತ್ತ ವಾರದಲ್ಲಿ ನಾಲ್ಕು ದಿನ ಹೊರಗೇ ಇರುತ್ತಿದ್ದ. ಅವಳು ಕೊಳ್ಳೇಗಾಲದ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಲು ಕಲಿತಳು. ಸೆರಗಿನ ತುದಿಯ ಎಳೆಗಳನ್ನು ಎಣಿಸಿ, ಹೊಸೆದು, ಗಂಟು ಹಾಕಿ, ನಡುನಡುವೆ ಮಣಿ ಪೋಣಿಸುವ ಕೆಲಸ. ಕೊಳ್ಳೇಗಾಲದ ಅಂಗಡಿಯಿಂದ ಸೀರೆ ತಂದುಕೊಟ್ಟು, ಮುಗಿದದ್ದನ್ನು ವಾಪಸು ಒಯ್ಯುತ್ತಿದ್ದವಳು ಆಚೆ ಕೇರಿಯ ಪ್ರೇಮಾ. ಊರಿನವರು ಆ ಕೇರಿಯ ಮನೆಗಳಲ್ಲಿ ನೀರು ಕುಡಿಯುತ್ತಿರಲಿಲ್ಲ. ಆದರೆ ಆರು ವರ್ಷದಿಂದ ಪ್ರೇಮಾ ಬಂದು ಇದೇ ಜಗಲಿಯ ಮೇಲೆ ಕೂತು, ಇದೇ ಮನೆಯ ಲೋಟದಲ್ಲಿ ಕಾಫಿ ಕುಡಿದು ಹೋಗುತ್ತಿದ್ದಳು. ಮೊದಲ ದಿನ ಅತ್ತೆ ಕೆಂಪಾಜಮ್ಮ ಒಳಗಿನಿಂದ ಕೆಮ್ಮಿದ್ದಳು. ಆಮೇಲೆ ಕೆಮ್ಮು ನಿಂತಿತು.

ಸಂಜೆ ಸೂಜಿಗೆ ನೂಲು ಪೋಣಿಸಿಕೊಡುತ್ತಿದ್ದವಳು ಮಗಳು ಭವ್ಯ. ಐದನೆಯ ತರಗತಿ. ಸೂಜಿಯನ್ನು ಮೂಗಿನ ಹತ್ತಿರ ಹಿಡಿದು ಒಂದೇ ಸಲಕ್ಕೆ ತೂರಿಸಿಬಿಡುತ್ತಿದ್ದಳು. ‘ನನ್ ಮಗಳ ಕಣ್ಣು ಅದ್ದಿನ ಕಣ್ಣು ಕಣಕ್ಕ’ ಎಂದು ಯಶೋದ ಪ್ರೇಮಾಳ ಮುಂದೆ ಹೇಳಿಕೊಂಡು ನಕ್ಕಿದ್ದು ಎಷ್ಟು ಸಲವೋ. ಅಷ್ಟು ಹತ್ತಿರ ಯಾಕೆ ಹಿಡಿಯುತ್ತಾಳೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅದು ಗೊತ್ತಾದದ್ದು ಹನೂರಿನ ಬಸ್ ಸ್ಟ್ಯಾಂಡಿನಲ್ಲಿ, ಕಳೆದ ಶನಿವಾರ.

ಮಗಳನ್ನು ಕಲ್ಲಿನ ಬೆಂಚಿನ ಮೇಲೆ ಕೂರಿಸಿ, ಯಶೋದ ಎದುರಿನ ಅಂಗಡಿಯಿಂದ ಮಣಿಯ ಪೊಟ್ಟಣ ತರಲು ಹೋಗಿದ್ದಳು. ಹಿಂತಿರುಗುವಾಗ ರಸ್ತೆಯ ಆಚೆ ಬದಿಯಲ್ಲೇ ನಿಂತು ಕೈ ಬೀಸಿದಳು. ಭವ್ಯ ಅವಳ ಕಡೆಗೇ ನೋಡುತ್ತಿದ್ದಳು. ಕೈ ಎತ್ತಲಿಲ್ಲ. ಮುಖದಲ್ಲಿ ಏನೂ ಆಗಲಿಲ್ಲ. ಯಶೋದ ಮತ್ತೆ ಬೀಸಿದಳು. ಆಗ ಹಸಿರು ಸೀರೆಯ ಯಾರೋ ಒಬ್ಬ ಹೆಂಗಸು ಬೆಂಚಿನ ಮುಂದೆ ಹಾದುಹೋದಳು. ಯಶೋದಳದ್ದೂ ಅಂದು ಹಸಿರು ಸೀರೆ. ಭವ್ಯ ಚಂಗನೆ ಎದ್ದು ಆ ಹೆಂಗಸಿನ ಹಿಂದೆ ಓಡಿದಳು. ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲು. ಆ ಹೆಂಗಸು ಹತ್ತಿದಳು. ಅವಳ ಸೆರಗು ಹಿಡಿದುಕೊಂಡು ಭವ್ಯಳೂ ಹತ್ತಿದಳು.

ಯಶೋದ ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಬಸ್ಸಿಗೆ ಅಡ್ಡ ನಿಂತು ಎರಡು ಕೈಯಿಂದ ಅದರ ಮೂತಿಯನ್ನು ಬಡಿದಳು. ಡ್ರೈವರ್ ಬೈದ. ಕಂಡಕ್ಟರ್ ಮಗುವನ್ನು ಇಳಿಸಿಕೊಟ್ಟ. ಭವ್ಯ ಅವಳ ಹತ್ತಿರ, ತೀರ ಹತ್ತಿರ ಬಂದು, ಮುಖವನ್ನು ಎತ್ತಿ ನೋಡಿ, ‘ನೀನಾ?’ ಅಂದಳು.

ಮನೆಯಲ್ಲಿ ಒಬ್ಬರು ಹೀಗೆಯೇ ಮುಖದ ಹತ್ತಿರ ಬಂದು, ಆಮೇಲೆ ಕೈಯಿಂದ ಮುಟ್ಟಿ, ‘ನೀನಾ?’ ಎಂದು ಕೇಳುತ್ತಿದ್ದರು. ಅತ್ತೆ ಕೆಂಪಾಜಮ್ಮ. ನಲವತ್ತು ದಾಟುವ ಮೊದಲೇ ಅವಳ ಎರಡೂ ಕಣ್ಣು ಹೋಗಿದ್ದವು. ಒಲೆಯ ಹೊಗೆಯಿಂದ ಎಂದು ಮನೆಯವರು ಹೇಳುತ್ತಿದ್ದರು. ಹೊಗೆ ಎಲ್ಲರ ಮನೆಯಲ್ಲೂ ಇತ್ತು. ಆ ಮಾತನ್ನು ಯಾರೂ ಮುಂದುವರಿಸುತ್ತಿರಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಯಶೋದ ಮೆಲ್ಲಗೆ ಕೇಳಿದಳು. ‘ಇಸ್ಕೂಲ್ನಲ್ಲಿ ಬೋರ್ಡ್ ಕಾಣ್ತದಾ ಮಗ?’

‘ಬೋರ್ಡ್ ಕಾಣ್ತದ.’

‘ಬರ್ದಿರದು?’

ಭವ್ಯ ಕಿಟಕಿಯ ಕಡೆ ತಿರುಗಿದಳು. ‘ಮಾದೇಶ್ವರಿ ಓದೇಳ್ತಾಳ. ನಾನು ಬರ್ಕತೀನಿ.’

ಮಾದೇಶ್ವರಿ ಪ್ರೇಮಾಳ ಮಗಳು. ತರಗತಿಯಲ್ಲಿ ಎತ್ತರದ ಮಕ್ಕಳನ್ನು ಹಿಂದೆ ಕೂರಿಸುವ ರೂಢಿ. ಇಬ್ಬರೂ ಉದ್ದ, ಇಬ್ಬರೂ ಕೊನೆಯ ಬೆಂಚು.

ಭಾನುವಾರ ಮಧ್ಯಾಹ್ನ ಯಶೋದ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತುಕೊಂಡು ಜಗಲಿಯಲ್ಲಿ ಕೂತಳು. ಪೆನ್ನಿನ ಸದ್ದಿಗೆ ಕೆಂಪಾಜಮ್ಮ ಕಂಬಕ್ಕೆ ಒರಗಿದ್ದವಳು ತಲೆ ಎತ್ತಿದಳು.

‘ಏನ್ ಬರೀತಿದ್ದೀಯಮ್ಮಿ?’

‘ಮೇಷ್ಟ್ರಿಗೊಂದು ಚೀಟಿ ಅತ್ತೆ. ಭವ್ಯನ್ನ ಮುಂದ ಕೂರ್ಸಿ ಅಂತ.’

‘ಓದು.’

ಯಶೋದ ಓದಿದಳು. ‘ನನ್ನ ಮಗಳು ಭವ್ಯಳಿಗೆ ದೂರದ್ದು ಕಣ್ಣು ಸರಿಯಾಗಿ ಕಾಣಿಸುವುದಿಲ್ಲ, ಆದ್ದರಿಂದ...’

‘ಅರ್ದಾಕು ಅದ.’ ಕೆಂಪಾಜಮ್ಮನ ದನಿ ಜೋರಾಗಿರಲಿಲ್ಲ. ಜೋರಾಗಿದ್ದರೆ ವಾಸಿಯಿತ್ತು. ‘ಸುಕ್ರವಾರ ಯಳಂದೂರಿನೋರು ಪದ್ಮಿನಿ ನೋಡಕ್ಕ ಬತ್ತಾವ್ರ. ಅಜ್ಜಿಗೂ ಕಣ್ಣಿಲ್ಲ, ಮೊಮ್ಮಗಳಿಗೂ ಕಣ್ಣಿಲ್ಲ ಅಂದ್ರ ನಡುವ್ನೋಳ್ನ ಯಾರ್ ತಕಂಡೋಯ್ತರ? ನನ್ ಮಗಳ ಬಾಳು ಕಾಗದದ ಮ್ಯಾಲ ಬರ್ದು ಇಸ್ಕೂಲ್ಗ ಕಳುಸ್ತೀಯಾ?’

ಪದ್ಮಿನಿ ಯಶೋದಳ ನಾದಿನಿ. ಇಪ್ಪತ್ತೇಳು ವರ್ಷ. ಒಳಗೆ ಒಲೆಯ ಮುಂದಿದ್ದವಳು ಪಾತ್ರೆ ಇಟ್ಟ ಸದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಎರಡು ಸಂಬಂಧ ಹೀಗೆಯೇ, ಕಾರಣ ಹೇಳದೆ, ಹಿಂದೆ ಹೋಗಿದ್ದವು.

‘ಇನ್ನೇನಂತ ಬರೀಲಿ ಅತ್ತೆ?’

‘ಕೂರ್ಸಿ ಅಂತ ಬರಿ. ಕಾರಣ ಯಾಕ ಬೇಕು? ಮೇಷ್ಟ್ರಲ್ವಾ, ಅವ್ರಿಗ ಅರ್ತ ಆಯ್ತದ.’

ಯಶೋದ ಹಾಳೆ ಹರಿದಳು. ಇನ್ನೊಂದರ ಮೇಲೆ ಬರೆದಳು. ಕಣ್ಣಿಲ್ಲದವಳಿಗೆ ಮತ್ತೆ ಓದಿ ಹೇಳಿದಳು. ‘ಮಾನ್ಯ ಮೇಷ್ಟ್ರಿಗೆ, ನನ್ನ ಮಗಳು ಭವ್ಯಳನ್ನು ಈಗ ಕೂತಿರುವ ಜಾಗದಿಂದ ಎಬ್ಬಿಸಿ ಮುಂದೆ ಕೂರಿಸಬೇಕಾಗಿ ಬೇಡುತ್ತೇನೆ. ಕಾರಣ ಬರೆಯುವಂತಿಲ್ಲ. ತಮಗೇ ತಿಳಿಯುತ್ತದೆ. ಇಂತಿ ಯಶೋದ.’

‘ಈಗ ಸರೋಯ್ತು’ ಅಂದಳು ಕೆಂಪಾಜಮ್ಮ.

ಸೋಮವಾರ ಆ ಚೀಟಿ ಶಾಲೆಗೆ ಹೋಯಿತು. ದಿನವಿಡೀ ಯಶೋದ ಗಂಟೆಗಳನ್ನು ಕೇಳಿಸಿಕೊಂಡಳು. ಮೂರು, ನಾಲ್ಕು, ಊಟದ ಗಂಟೆ. ಅಂದು ಕಟ್ಟಿದ ಕುಚ್ಚುಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಕಟ್ಟಿದಳು.

ಸಂಜೆ ಭವ್ಯ ಒಬ್ಬಳೇ ಬಂದಳು. ಯಾವತ್ತೂ ಬೇಲಿಯವರೆಗೆ ಜೊತೆಗೆ ಬರುವ ಮಾದೇಶ್ವರಿ ಇರಲಿಲ್ಲ.

‘ಮುಂದ ಕೂರುಸುದ್ರಾ?’

‘ಇಲ್ಲ. ಮೇಷ್ಟ್ರು ಚೀಟಿ ಓದಿ ಜೋಬಲ್ಲಿ ಮಡುಕಂಡ್ರು. ನಾಳ ನಿಮ್ಮವ್ವನ್ನ ಕರ್ಕಂಡ್ ಬಾ ಅಂದ್ರು.’

‘ಬೈದ್ರಾ?’

‘ಮಾತಾಡ್ಲಿಲ್ಲ. ನಂಗ ಮೊಕ ಕಾಣ್ಲಿಲ್ಲವ್ವ, ಕ್ವಾಪವೋ ಏನೋ.’ ಭವ್ಯ ಬ್ಯಾಗಿನ ಹಗ್ಗ ತಿರುವಿದಳು. ‘ಕೊಡಕ್ ಮುಂಚ ಮಾದೇಶ್ವರಿ ಚೀಟಿ ಓದುದ್ಲು. ಆಮ್ಯಾಲ ಬೋರ್ಡ್ ಓದೇಳ್ಲೇ ಇಲ್ಲ. ಬೆಂಚಿನ್ ತುದೀಗ ಓಗಿ ಕೂತ್ಕಂಡ್ಲು.’

ಯಶೋದಳಿಗೆ ಅದರ ಅರ್ಥವಾಗಲಿಲ್ಲ. ಮಕ್ಕಳ ಜಗಳ ಅಂದುಕೊಂಡಳು. ಅವಳ ತಲೆಯಲ್ಲಿ ಒಂದೇ ಇತ್ತು: ಮೇಷ್ಟ್ರಿಗೆ ಕಣ್ಣಿನ ವಿಷಯ ತಿಳಿದುಹೋಗಿದೆ, ನಾಳೆ ಕೇಳುತ್ತಾರೆ, ಕೇಳಿದರೆ ಸುಳ್ಳು ಹೇಳಬೇಕು.

ಮಂಗಳವಾರ ಹತ್ತಕ್ಕೆ ಮುಂಚೆ ಅವಳು ಶಾಲೆಯ ಪಡಸಾಲೆಯಲ್ಲಿ ನಿಂತಿದ್ದಳು. ಅಂಗಳದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲುಗಟ್ಟುತ್ತಿದ್ದರು. ಶಾಂತಮೂರ್ತಿ ಮೇಷ್ಟ್ರು ಐವತ್ತು ದಾಟಿದವರು, ಮೃದು ಮಾತಿನವರು. ಇವತ್ತು ಮುಖ ಬಿಗಿದಿತ್ತು. ಜೇಬಿನಿಂದ ಚೀಟಿ ತೆಗೆದು ಅವಳ ಕಡೆ ಚಾಚಿದರು.

‘ತಗೊಳ್ಳಿ. ಇದನ್ನ ನಾನು ಇಟ್ಟುಕೊಳ್ಳೋದಿಲ್ಲ.’

‘ಯಾಕ್ ಸಾ?’

‘ಯಾಕೆ ಅಂತ ನೀವೇ ಬರೆದಿದ್ದೀರಲ್ಲ, ತಮಗೇ ತಿಳಿಯುತ್ತೆ ಅಂತ. ತಿಳಿಯಿತು. ಇಂಥ ಚೀಟಿ ನನಗೆ ಇದೇ ಮೊದಲನೇದಲ್ಲ. ಹೋದ ಶಾಲೇಲೂ ಬಂದಿತ್ತು. ನನ್ನ ತರಗತೀಲಿ ಯಾವ ಮಗು ಪಕ್ಕ ಯಾವ ಮಗು ಕೂರಬೇಕು ಅಂತ ಕೇರಿ ನೋಡಿ ಹೇಳೋದಿಲ್ಲ. ಇದು ಮೇಲಿನವರ ಕೈಗೆ ಹೋದರೆ ಏನಾಗುತ್ತೆ ಗೊತ್ತಾ ನಿಮಗೆ?’

ಯಶೋದಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಚೀಟಿಯ ಸಾಲುಗಳು ಒಂದೊಂದಾಗಿ ಬೇರೆಯದೇ ಮುಖ ತೋರಿಸಿದವು. ಈಗ ಕೂತಿರುವ ಜಾಗದಿಂದ ಎಬ್ಬಿಸಿ. ಕಾರಣ ಬರೆಯುವಂತಿಲ್ಲ. ಪಕ್ಕದಲ್ಲಿ ಕೂತಿದ್ದವಳು ಮಾದೇಶ್ವರಿ. ಕೊಡುವ ಮುಂಚೆ ಓದಿದವಳೂ ಮಾದೇಶ್ವರಿ.

ಅವಳು ಕಂಬ ಹಿಡಿದುಕೊಂಡಳು.

‘ಅಂಗಲ್ಲ ಸಾ...’

‘ಮತ್ತೆ ಹೆಂಗೆ?’

ಹೇಳಲು ಬಾಯಿ ತೆರೆದಳು. ಒಲೆಯ ಮುಂದೆ ಸದ್ದಿಲ್ಲದೆ ಕೂತ ಪದ್ಮಿನಿ ಕಣ್ಣ ಮುಂದೆ ಬಂದಳು. ಬಾಯಿ ಮುಚ್ಚಿದಳು.

ಆ ಹೊತ್ತಿಗೆ ಗೇಟಿನ ಸದ್ದಾಯಿತು. ಪ್ರೇಮಾ ಮಗಳ ರಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಕಂಕುಳಲ್ಲಿ ಸೀರೆಯ ಗಂಟು. ಅದನ್ನು ತಂದು ಪಡಸಾಲೆಯ ನೆಲದ ಮೇಲೆ, ಯಶೋದಳ ಕಾಲ ಬಳಿ ಇಟ್ಟಳು.

‘ಇವು ಅಂಗಡಿಯಿಂದ ಬಂದೋವು. ಇದೇ ಕೊನೆ. ಇನ್ನ ನೀನೇ ಕೊಳ್ಳೇಗಾಲಕ್ಕೋಗಿ ತಕಬಾ.’

‘ಅಕ್ಕ...’

‘ಅಕ್ಕ ಅನ್ಬ್ಯಾಡ. ನಾನು ಹೊತ್ಕ ಬಂದ ಸೀರೆ ಮುಟ್ಟಬೋದು. ನಾನು ಕುಡ್ದ ಲೋಟ ತೊಳೀಬೋದು. ನನ್ ಮಗಳ ಪಕ್ಕ ನಿನ್ ಮಗಳು ಕೂರ್ಬಾರ್ದು, ಅಲ್ವಾ?’ ಪ್ರೇಮಾ ಅಳುತ್ತಿರಲಿಲ್ಲ. ‘ಇವಳು ರಾತ್ರಿ ಉಣ್ಲಿಲ್ಲ ಸಾ. ನಾನೇನ್ ಮಾಡ್ದೆ ಅವ್ವ ಅಂತ ಕೇಳ್ತಾಳ. ಏನೇಳ್ಲಿ ನಾನು? ಆರು ವರ್ಸ ಆ ಜಗಲಿ ಮ್ಯಾಲ ಕೂತಿವ್ನಿ, ನಂಗೂ ಗೊತ್ತಾಗ್ಲಿಲ್ವಲ್ಲ ಮಗ ಅಂತ ಏಳ್ದೆ.’

ಅಂಗಳದಲ್ಲಿ ಪ್ರಾರ್ಥನೆ ಶುರುವಾಯಿತು. ಮೇಷ್ಟ್ರು ನೆಲ ನೋಡಿದರು. ಮಾದೇಶ್ವರಿ ಅಮ್ಮನ ಸೆರಗಿನ ಹಿಂದಿದ್ದಳು.

ಯಶೋದ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳ ದನಿ ಅವಳದ್ದಲ್ಲದ ಹಾಗೆ ಬಂತು.

‘ಭವ್ಯಂಗ ಕಣ್ಣು ಕಾಣಲ್ಲಕ್ಕ.’

ಮೇಷ್ಟ್ರು ತಲೆ ಎತ್ತಿದರು.

‘ದೂರದ್ದು ಕಾಣಲ್ಲ. ಶನಿವಾರ ಹನೂರ್ನಲ್ಲಿ ನನ್ನೇ ಗುರ್ತು ಸಿಕ್ದೆ ಇನ್ಯಾರೋ ಹಿಂದ ಬಸ್ ಹತ್ಬುಟ್ಳು. ಕಣ್ಣು ಅಂತ ಬರೀಬ್ಯಾಡ ಅಂದ್ರು ಅತ್ತೆ. ಪದ್ಮಿನಿ ನೋಡಕ್ ಬತ್ತಾವ್ರ, ಸುಕ್ರವಾರ. ನಿನ್ ಮಗಳು ಪಕ್ಕದಲ್ಲವ್ಳೆ ಅಂತ ಬರೀವಾಗ ನಂಗ ಗ್ಯಾನನೇ ಇರ್ಲಿಲ್ಲ. ನಮ್ಮಪ್ಪನಾಣೆ ಇರ್ಲಿಲ್ಲ.’

ಪ್ರೇಮಾ ಅವಳನ್ನೇ ನೋಡಿದಳು. ನಂಬಬೇಕೋ ಬೇಡವೋ ಎಂಬಂತೆ ಬಹಳ ಹೊತ್ತು ನೋಡಿದಳು.

‘ಮೊನ್ನೆ ಮೊನ್ನೆ ಅದ್ದಿನ ಕಣ್ಣು ಅಂತಿದ್ದೆ.’

‘ಅಂತಿದ್ದೆ.’

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ‘ಜುಲೈನಲ್ಲಿ ಆರೋಗ್ಯ ಇಲಾಖೆಯವರು ಬಂದು ಎಲ್ಲಾ ಮಕ್ಕಳ ಕಣ್ಣೂ ನೋಡಿದ್ರಲ್ಲ? ಗೋಡೆಗೆ ಅಕ್ಷರದ ಪಟ ಹಾಕಿ ಓದಿಸಿದ್ರು. ಭವ್ಯ ಕೊನೇ ಸಾಲಿನವರೆಗೂ ಒಂದೂ ತಪ್ಪದೆ ಓದಿದ್ದಳು. ನಾನೇ ಪಕ್ಕದಲ್ಲಿದ್ದೆ.’

ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು. ‘ಅವ್ಳು ಓದ್ಲಿಲ್ಲ ಸಾ.’

‘ಏನು?’

ಮಾದೇಶ್ವರಿ ಮುಖ ಹೊರಗೆ ಹಾಕಿದಳು. ‘ಸಾಲ್ನಲ್ಲಿ ಕೊನೇಗ ನಿಂತಿದ್ಲು. ಮುಂದಿನೋರೆಲ್ಲ ಓದದ ಕೇಳಿ ಕೇಳಿ ಬಾಯಿಪಾಠ ಮಾಡ್ಕಂಡ್ಲು. ನಾನೂ ಏಳ್ಕೊಟ್ಟೆ. ಕಣ್ಣು ಕಾಣಲ್ಲ ಅಂತ ಗೊತ್ತಾದ್ರ ಅವ್ರ ಪದ್ಮಿನಿ ಅತ್ತೆ ಮದ್ವೆ ನಿಂತೋಯ್ತದಂತೆ ಸಾ. ಯಾರ್ಗೂ ಏಳ್ಬ್ಯಾಡ ಅಂತ ಆಣೆ ಆಕುಸ್ಕಂಡಿದ್ಲು. ಅವ್ರವ್ವಂಗೂ ಗೊತ್ತಿಲ್ಲ ಅಂದಿದ್ಲು, ಅದ್ಕೇ ಚೀಟಿ ಕಣ್ಣಿಗಲ್ಲ, ನನ್ಗೇ ಬರ್ದಿರದು ಅಂದ್ಕಂಡೆ.’

ಯಶೋದ ಕೂತೇಬಿಟ್ಟಳು, ಸೀರೆಯ ಗಂಟಿನ ಪಕ್ಕದಲ್ಲಿ. ತಾನು ಕಂಡದ್ದು ಮೂರು ದಿನದ ಹಿಂದೆ. ಹತ್ತು ವರ್ಷದ ಮಗು ಅದನ್ನು ತಿಂಗಳುಗಟ್ಟಲೆ ಒಬ್ಬಳೇ ಹೊತ್ತಿದೆ. ಎಂದೋ ಒಂದು ಸಂಜೆ, ಸೂಜಿಗೆ ನೂಲು ಪೋಣಿಸುತ್ತ, ಅಜ್ಜಿಯ ಮಾತು ಕೇಳಿಸಿಕೊಂಡು, ಹೆದರಿ, ಹೆದರಿದ್ದನ್ನೂ ಹೇಳದೆ.

ಮೇಷ್ಟ್ರು ಚೀಟಿಯನ್ನು ನಾಲ್ಕಾಗಿ ಹರಿದರು. ಹಾಜರಿ ಪುಸ್ತಕದ ಅಡಿಯಿಂದ ಒಂದು ಬಿಳಿ ಹಾಳೆ ಎಳೆದು, ಪೆನ್ನಿನ ಜೊತೆ ಅವಳ ಮುಂದೆ ಹಿಡಿದರು. ‘ನನ್ನದೂ ತಪ್ಪಾಯ್ತಮ್ಮ, ಕೇಳದೆ ಅಂದುಕೊಂಡುಬಿಟ್ಟೆ. ಚೀಟಿ ಇಲ್ಲದಿದ್ದರೂ ಕೂರಿಸ್ತೀನಿ. ಆದರೂ ಬರೆದುಕೊಡಿ. ನಾನು ರಜೆ ಹಾಕಿದ ದಿನ ಬೇರೆಯವರು ತರಗತಿ ತಗೊಂಡರೆ ಅವರಿಗೂ ಗೊತ್ತಿರಬೇಕು.’

ಅವಳು ನೆಲದ ಮೇಲೇ ಹಾಳೆ ಇಟ್ಟುಕೊಂಡು ಬರೆದಳು. ದುಂಡಗಿನ ಅಕ್ಷರ ಅಂದು ದುಂಡಗೆ ಬರಲಿಲ್ಲ.

‘ಮಾನ್ಯ ತರಗತಿ ಶಿಕ್ಷಕರಿಗೆ, ಐದನೇ ತರಗತಿಯ ನನ್ನ ಮಗಳು ಭವ್ಯಳಿಗೆ ಕಣ್ಣು ಮಂಜು. ಬೋರ್ಡಿನ ಅಕ್ಷರ ಕಾಣಿಸುವುದಿಲ್ಲ. ದಯವಿಟ್ಟು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಪಕ್ಕದಲ್ಲಿ ಮಾದೇಶ್ವರಿಯನ್ನೂ ಕೂರಿಸಿದರೆ ಉಪಕಾರ. ಇಂತಿ ಯಶೋದ.’

ಕೊನೆಯ ಸಾಲನ್ನು ಮೇಷ್ಟ್ರು ದನಿ ತೆಗೆದು ಓದಿದರು. ಪ್ರೇಮಾ ಬೇರೆ ಕಡೆ ನೋಡಿದಳು.

‘ಇಬ್ಬರೂ ಉದ್ದ. ನಡುವೆ ಕೂತರೆ ಹಿಂದಿನ ಚಿಕ್ಕವರಿಗೆ ಮರೆ’ ಎಂದು ಮೇಷ್ಟ್ರು ತಮ್ಮಷ್ಟಕ್ಕೇ ಲೆಕ್ಕ ಹಾಕಿದರು. ‘ಮುಂದಿನ ಸಾಲಿನ ಗೋಡೆ ಪಕ್ಕ ಹಾಕ್ತೀನಿ. ಬಾಗಿಲ ಕಡೆ ಬೇಡ, ಅಲ್ಲಿ ಬೋರ್ಡಿನ ಮೇಲೆ ಬಿಸಿಲು ಹೊಳೆಯುತ್ತೆ. ಆದರೆ ಅಮ್ಮ, ಮುಂದೆ ಕೂರಿಸೋದು ಔಷಧಿ ಅಲ್ಲ. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೇಲಿ ಕಣ್ಣು ನೋಡುವವರಿದ್ದಾರೆ. ನಾಳೆಯೇ ಹೋಗಿ. ಬಹಳ ಮಕ್ಕಳಿಗೆ ಒಂದು ಕನ್ನಡಕದಲ್ಲಿ ಸರಿಹೋಗುತ್ತೆ.’

‘ಎಲ್ಲಾರ್ಗೂ ಸರೋಯ್ತದಾ ಸಾ?’

ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ‘ಅದನ್ನ ಅವರೇ ನೋಡಿ ಹೇಳಬೇಕು. ಮನೇಲಿ ಇನ್ಯಾರಿಗಾದರೂ ಕಣ್ಣಿನ ತೊಂದರೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.’

ಗೇಟಿನವರೆಗೆ ಯಶೋದ ಮತ್ತು ಪ್ರೇಮಾ ಜೊತೆಗೆ ನಡೆದರು. ಸೀರೆಯ ಗಂಟು ಯಶೋದಳ ಕಂಕುಳಲ್ಲಿತ್ತು. ಗೇಟಿನಲ್ಲಿ ಪ್ರೇಮಾ ಅಂದಳು: ‘ಕಣ್ಣಾಸ್ಪತ್ರೆ ಚೀಟಿ ಬೆಳುಗ್ಗೇನೇ ಮಾಡುಸ್ಬೇಕು. ತಡ ಆದ್ರ ಸಾಲು ಬೆಳೀತದ. ಮೊದುಲ್ನೇ ಬಸ್ಸಿಗ ಓಗು.’ ಆಚೆ ಕೇರಿಯ ದಾರಿ ಹಿಡಿದಳು. ಇನ್ನು ಜಗಲಿಗೆ ಬರುತ್ತಾಳೋ ಇಲ್ಲವೋ ಯಶೋದಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಬುಧವಾರ ಬೆಳಗ್ಗೆ ಇನ್ನೂ ಮಂಜು ಇತ್ತು. ಯಶೋದ ಮಗಳ ತಲೆ ಬಾಚಿ, ಬುತ್ತಿ ಕಟ್ಟಿ, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಳು. ಜಗಲಿಗೆ ಬಂದರೆ ಕೆಂಪಾಜಮ್ಮ ಆಗಲೇ ಕಂಬಕ್ಕೆ ಒರಗಿ ಕೂತಿದ್ದಳು. ಮಂಗಳವಾರದ ಸುದ್ದಿ ಅವಳನ್ನು ಮುಟ್ಟಿ ಆಗಿತ್ತು. ಹಗಲಿಡೀ ಸೊಸೆಯೊಡನೆ ಮಾತಾಡಿರಲಿಲ್ಲ.

‘ಎಲ್ಗ?’

‘ಕೊಳ್ಳೇಗಾಲಕ್ಕ. ಕಣ್ಣಾಸ್ಪತ್ರೆಗ.’

‘ಯಳಂದೂರಿನೋರು ಕೇಳುದ್ರ ಏನೇಳ್ಲಿ?’

‘ಇದ್ದದ್ದು ಏಳಿ ಅತ್ತೆ. ಇಲ್ಲಾಂದ್ರ ನಾನೇ ಏಳ್ತೀನಿ.’

ಒಳಗಿನಿಂದ ಪದ್ಮಿನಿ ಬಂದಳು. ಭವ್ಯಳ ಹೆಗಲಿಗೆ ತನ್ನ ಸ್ವೆಟರ್ ಹೊದಿಸಿ ಒಳಗೆ ಹೋದಳು.

ಕೆಂಪಾಜಮ್ಮ ಕೈ ಚಾಚಿದಳು. ಭವ್ಯ ಹತ್ತಿರ ಹೋದಳು. ಮುದುಕಿಯ ಬೆರಳು ಮಗುವಿನ ಹಣೆ, ಹುಬ್ಬು ಸವರಿ, ಮುಚ್ಚಿದ ರೆಪ್ಪೆಗಳ ಮೇಲೆ ನಿಂತವು.

‘ದಾಕುಟ್ರು ಕೇಳ್ತರ’ ಎಂದಳು, ಸೊಸೆ ನಿಂತಿದ್ದ ದಿಕ್ಕಿಗೆ ತಿರುಗದೆ. ‘ಮನೇಲಿ ಯಾರ್ಗಾರ ಇದ್ದದಾ ಅಂತ ಕೇಳ್ತರ. ಹೊಗೆ ಅಂತ ಏಳ್ಬ್ಯಾಡ ಯಶೋದ. ಹೊಗೆ ಅಲ್ಲ ಅದು.’

ಯಶೋದಳ ಕೈಯಲ್ಲಿ ಚೀಲ ಬಿಗಿಯಿತು.

‘ನಂಗೂ ಇವಳಷ್ಟೇ ವಯಸ್ಸು. ಮೊದ್ಲು ಮೊದ್ಲು ದೂರದ್ದು. ನಮ್ಮವ್ವ ಯಾರ್ಗೂ ಏಳ್ಬ್ಯಾಡ ಅಂದ್ಲು. ಆಮ್ಯಾಲ ಒಂದಿನ, ನೀರ್ ತರಕ್ಕ ಓಗಿದ್ದೆ...’

ಊರ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅದು ತಿರುವಿನಿಂದ ಇಲ್ಲಿಗೆ ಬರಲು ಇನ್ನೂ ಹೊತ್ತು ಬೇಕು, ಅದು ಯಶೋದಳಿಗೆ ಗೊತ್ತಿತ್ತು. ಆ ‘ಒಂದಿನ’ ಏನಾಯಿತು ಎಂಬುದನ್ನು ಆಸ್ಪತ್ರೆಯಲ್ಲಿ ಹೇಳಬೇಕೆಂದೂ ಗೊತ್ತಿತ್ತು. ಹೋಗಿ ಬಂದು ಕೇಳುತ್ತೇನೆ, ಡಾಕ್ಟರೇ ಕೇಳಿದರೆ ಮನೆಗೆ ಫೋನು ಮಾಡಿ ಕೇಳುತ್ತೇನೆ, ಈಗ ಮಾತ್ರ ಬೇಡ ಅನ್ನಿಸಿತು. ಮಗು ಕೇಳಿಸಿಕೊಳ್ಳುವ ಹಾಗೆ ಬೇಡ.

‘...ಬಾವೀ ಅತ್ರ ನಿಂತಿವ್ನಿ, ಹಗಲೊತ್ತು ಕಣಮ್ಮಿ, ಸೂರ್ಯ ನೆತ್ತಿ ಮ್ಯಾಲವ್ನೆ...’

ಯಶೋದ ಅತ್ತೆಯ ಬೆರಳುಗಳ ಅಡಿಯಿಂದ ಮಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು, ಹಿಂದೆ ಮಾತು ಇನ್ನೂ ನಡೆಯುತ್ತಿರುವಾಗಲೇ, ಮೆಟ್ಟಿಲಿಳಿದು ಮಂಜಿನಲ್ಲಿ ನಡೆದಳು.